ನಿದ್ದೆ, ಒತ್ತಡ, ಸಕ್ಕರೆ, ನೀರು: ಚರ್ಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಮದ ತೊಂದರೆಗೆಂದು ಕ್ಲಿನಿಕ್ಕಿಗೆ ಬರುವವರು ಚೀಟಿ ಬರೆಸಿಕೊಂಡು ಎದ್ದು ನಿಂತ ಮೇಲೆ, ಬಾಗಿಲ ಹತ್ತಿರ ತಿರುಗಿ ಕೇಳುವ ಪ್ರಶ್ನೆಗಳು ಇವು. ಪತ್ರದಲ್ಲಿ, ವಾಟ್ಸಾಪಿನಲ್ಲಿ ಬರುವವೂ ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಮೊದಲು ಸರಳ ಪ್ರಶ್ನೆಗಳಿವೆ, ಹೋಗುತ್ತಾ ತುಸು ಆಳಕ್ಕಿಳಿಯುತ್ತವೆ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ನೀರು

ದಿನಾ ಮೂರ್ ಲೀಟರ್ ನೀರ ಕುಡಿತೀನ್ರಿ ಡಾಕ್ಟ್ರ, ಆದ್ರೂ ಮಾರಿ ಬಿರುಕ ಬಿಟ್ಟಂಗ ಐತಿ. ಯಾಕ?

ಕುಡಿದ ನೀರು ಮುಖದ ಮೇಲ್ಪದರಕ್ಕೆ ನೇರವಾಗಿ ಹೋಗುವುದಿಲ್ಲ, ಅದಕ್ಕೆ. ಹೊಟ್ಟೆಗೆ ಇಳಿದ ನೀರು ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ದೇಹಕ್ಕೆ ಬೇಕಾದಷ್ಟು ಉಳಿದು, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಚರ್ಮದ ಒಳಪದರಕ್ಕೆ ರಕ್ತನಾಳಗಳಿವೆ, ಅಲ್ಲಿಗೆ ನೀರಿನ ಕೊರತೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನಾವು ಕೈಯಿಂದ ಮುಟ್ಟಿ "ಒಣಗಿದೆ" ಎನ್ನುವುದು ಎಲ್ಲಕ್ಕಿಂತ ಮೇಲಿನ ಪದರವನ್ನು. ಮುಖದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಅಲ್ಲಿ ರಕ್ತನಾಳವೇ ಇಲ್ಲ.

ಆ ಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಇಟ್ಟಿಗೆಯೊಳಗೆ ನೀರನ್ನು ಹಿಡಿದಿಡುವ ವಸ್ತುಗಳಿರುತ್ತವೆ, ಗಾರೆ ಆ ನೀರನ್ನು ಆರಿಹೋಗಲು ಬಿಡುವುದಿಲ್ಲ. ನೀವು ಬೆಳಿಗ್ಗೆ ಕುದಿಯುವಂಥ ಬಿಸಿನೀರಿನಲ್ಲಿ, ಹೆಚ್ಚು ನೊರೆ ಬರುವ ಸೋಪು ಹಚ್ಚಿ, ನಾರಿನಿಂದ ಉಜ್ಜಿ ಸ್ನಾನ ಮಾಡಿದರೆ ಗಾರೆ ತೊಳೆದುಹೋಗುತ್ತದೆ. ಡಿಸೆಂಬರ್‌ನ ಒಣಗಾಳಿ, ಆಫೀಸಿನ ಎಸಿ ಉಳಿದದ್ದನ್ನು ಮುಗಿಸುತ್ತವೆ. ಆಗ ಮೂರಲ್ಲ, ಐದು ಲೀಟರ್ ಕುಡಿದರೂ ಬಾತ್‌ರೂಮಿಗೆ ಓಡಾಟ ಹೆಚ್ಚುವುದೇ ಹೊರತು ಬಿರುಕು ಮುಚ್ಚುವುದಿಲ್ಲ.

ಮಾಡಬೇಕಾದ್ದು ಇಷ್ಟು. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ. ಸೋಪು ಕಂಕುಳು, ತೊಡೆಸಂದು, ಪಾದ, ಕೊಳೆಯಾದ ಜಾಗ ಇವಕ್ಕೆ ಸಾಕು. ಟವೆಲ್ಲಿನಿಂದ ಉಜ್ಜದೆ ಒತ್ತಿಕೊಂಡು, ಮೈ ಇನ್ನೂ ತುಸು ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಗ್ಲಿಸರಿನ್ ಇರುವ ಸಾದಾ ಕ್ರೀಮು ಮುಖಕ್ಕೆ ಸಾಕು, ಒಡೆದ ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಕೆಲಸ ಕೆಟ್ಟ ಹಾಗೆ, ಹಿಡಿದಿಡಲು ಅಲ್ಲಿ ನೀರೇ ಇರುವುದಿಲ್ಲ.

ಎಂಟು ಲೋಟ ಕುಡೀಲೇಬೇಕು ಅಂತ ಎಲ್ಲರೂ ಹೇಳ್ತಾರಲ್ಲ, ಅದೆಲ್ಲಿಂದ ಬಂತು?

ಖಚಿತ ಮೂಲ ಯಾರಿಗೂ ಸಿಕ್ಕಿಲ್ಲ. ಹೆಚ್ಚಾಗಿ ಬೊಟ್ಟು ಮಾಡುವುದು ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿಯ 1945ರ ಶಿಫಾರಸಿನ ಕಡೆಗೆ. ವಯಸ್ಕರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದು ಅದರಲ್ಲಿತ್ತು. ಅದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇರುತ್ತದೆ ಎಂಬ ಸಾಲು ಪಕ್ಕದಲ್ಲೇ ಇತ್ತು. ಜನರ ನಾಲಿಗೆಯಲ್ಲಿ ಮೊದಲ ಸಾಲು ಉಳಿಯಿತು, ಎರಡನೆಯದು ಬಿದ್ದುಹೋಯಿತು. 2002ರಲ್ಲಿ ಹೈಂಝ್ ವಾಲ್ಟಿನ್ ಎಂಬ ಮೂತ್ರಪಿಂಡ ತಜ್ಞರು ಈ ಎಂಟು ಲೋಟದ ನಿಯಮಕ್ಕೆ ಆಧಾರ ಹುಡುಕಿ ಹೊರಟು, ಆರೋಗ್ಯವಂತರಿಗೆ ಅದನ್ನು ಕಡ್ಡಾಯ ಮಾಡುವಂಥ ಪುರಾವೆ ಸಿಗಲಿಲ್ಲ ಎಂದು ಬರೆದರು.

ಸಾರು, ಮಜ್ಜಿಗೆ, ಗಂಜಿ, ಹಣ್ಣು, ಅನ್ನದಲ್ಲಿರುವ ನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಚಹಾ ಕಾಫಿಯೂ ಸೇರುತ್ತದೆ. ಬಾಯಾರಿದಾಗ ಕುಡಿಯಿರಿ, ಮೂತ್ರ ತಿಳಿಹಳದಿ ಇದ್ದರೆ ಸಾಕು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಹೊಲದ ಕೆಲಸ ಮಾಡುವವರಿಗೂ, ಮಡಿಕೇರಿಯ ಮಳೆಗಾಲದಲ್ಲಿ ಒಳಗೆ ಕೂತವರಿಗೂ ಒಂದೇ ಅಳತೆ ಹೇಗೆ ಸರಿಹೋದೀತು?

ಹಾಗಾದ್ರೆ ನೀರು ಕಮ್ಮಿ ಕುಡಿದ್ರೆ ಚರ್ಮಕ್ಕೆ ಏನೂ ಆಗಲ್ವಾ?

ಆಗುತ್ತದೆ. ನಾನು ಹೇಳಿದ್ದು, ಸಾಕಷ್ಟು ಕುಡಿಯುವವರು ಇನ್ನಷ್ಟು ಕುಡಿದರೆ ಹೊಳಪು ಏರುವುದಿಲ್ಲ ಎಂದಷ್ಟೇ. ವಾಂತಿಭೇದಿಯಾದ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿಂದ ಮೇಲೆತ್ತಿ ಬಿಟ್ಟು ನೋಡಿ: ಅದು ಕೂಡಲೇ ಮೊದಲಿನಂತಾಗದೆ ನಿಧಾನವಾಗಿ ಇಳಿದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಆಸ್ಪತ್ರೆಗಳಲ್ಲಿ ಇಂದಿಗೂ ಮಾಡುವ ಪರೀಕ್ಷೆ ಇದು. ವಯಸ್ಸಾದವರ ಕೈಮೇಲೆ ಇದನ್ನು ಮಾಡಿ ಗಾಬರಿಯಾಗಬೇಡಿ, ಅವರ ಚರ್ಮದ ಬಿಗಿ ಹೇಗೂ ಸಡಿಲವಾಗಿರುತ್ತದೆ.

2015ರಲ್ಲಿ ಪೋರ್ಚುಗಲ್ಲಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹೆಂಗಸರು ಒಂದು ತಿಂಗಳು ದಿನಕ್ಕೆ ಎರಡು ಲೀಟರ್ ನೀರನ್ನು ಹೆಚ್ಚುವರಿಯಾಗಿ ಕುಡಿದರು. ಚರ್ಮದ ತೇವದ ಅಳತೆಯಲ್ಲಿ ವ್ಯತ್ಯಾಸ ಕಂಡದ್ದು ಮುಖ್ಯವಾಗಿ ಮೊದಲು ಕಡಿಮೆ ಕುಡಿಯುತ್ತಿದ್ದವರಲ್ಲಿ. ಚಿಕ್ಕ ಅಧ್ಯಯನ, ಆದರೆ ತರ್ಕಕ್ಕೆ ಕೂಡಿಬರುತ್ತದೆ. ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲವೆಂದು ಇಡೀ ದಿನ ನೀರು ಮುಟ್ಟದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಅವರು ಕುಡಿಯುವುದನ್ನು ಹೆಚ್ಚಿಸಬೇಕು. ಚರ್ಮಕ್ಕಿಂತ ಮೊದಲು ಮೂತ್ರದ ಸೋಂಕಿನ ಕಾರಣಕ್ಕೆ. ಕಿಡ್ನಿ ಅಥವಾ ಹೃದಯದ ಕಾಯಿಲೆಯಿದ್ದು ನೀರಿಗೆ ಮಿತಿ ಹೇಳಿಸಿಕೊಂಡವರು ಮಾತ್ರ "ಗ್ಲೋ" ಆಸೆಗೆ ಆ ಮಿತಿ ದಾಟಲೇಬಾರದು.

ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ, ಜೇನು ಬಿಸಿನೀರು ಕುಡಿದರೆ ಚರ್ಮದ ಟಾಕ್ಸಿನ್ ಹೋಗುತ್ತಾ?

ಇಲ್ಲ. ಆ ಕೆಲಸಕ್ಕೆ ಲಿವರ್ ಮತ್ತು ಕಿಡ್ನಿ ಇವೆ. ರುಚಿಗೆ ಕುಡಿಯುವುದಾದರೆ ಕುಡಿಯಿರಿ, ಜೇನನ್ನು ಸಕ್ಕರೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮಿಕ್ಕ ನಿಂಬೆಹೋಳನ್ನು ಮುಖಕ್ಕೆ ಉಜ್ಜಬೇಡಿ. ಆಮ್ಲ ಚರ್ಮವನ್ನು ಸುಡುತ್ತದೆ, ನಮ್ಮ ಬಣ್ಣದ ಚರ್ಮದಲ್ಲಿ ಸುಟ್ಟ ಗುರುತು ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ.

## ನಿದ್ದೆ

ನಿದ್ದೆ ಕೆಟ್ಟರೆ ಮುಖ ಬಾಡುತ್ತೆ ಅನ್ನೋದು ನಿಜಾನಾ, ಇಲ್ಲ ನಮಗೆ ಹಾಗೆ ಅನ್ನಿಸುತ್ತಾ?

ಎರಡಕ್ಕೂ ಸಾಕ್ಷಿ ಇದೆ. ಸ್ಟಾಕ್‌ಹೋಮಿನ ಸಂಶೋಧಕರು 2010ರಲ್ಲಿ 23 ಜನರ ಫೋಟೋ ತೆಗೆದರು. ಒಮ್ಮೆ ಎಂಟು ಗಂಟೆ ಮಲಗಿ ಎದ್ದ ಮೇಲೆ, ಇನ್ನೊಮ್ಮೆ ರಾತ್ರಿಯಿಡೀ ಎಚ್ಚರವಿದ್ದ ಮೇಲೆ. ಯಾವುದು ಯಾವುದೆಂದು ತಿಳಿಯದ 65 ಮಂದಿ ಆ ಫೋಟೋಗಳಿಗೆ ಅಂಕ ಕೊಟ್ಟರು. ನಿದ್ದೆಗೆಟ್ಟ ಮುಖಗಳು ಕಡಿಮೆ ಆರೋಗ್ಯವಾಗಿ, ಕಡಿಮೆ ಲಕ್ಷಣವಾಗಿ ಕಂಡವು. ಈ ಸುದ್ದಿ ಲೋಕವೆಲ್ಲ ಸುತ್ತಿತು.

ಅಷ್ಟಾಗಿ ಸುತ್ತದ ಸುದ್ದಿ ಇನ್ನೊಂದಿದೆ. ಅದೇ ಗುಂಪಿನ ಕೆಲವರು ಸೇರಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 181 ಜನರಿದ್ದರು. ಈ ಬಾರಿ ನೋಡುವವರ ಅಂಕದ ಜೊತೆ ಉಪಕರಣದಿಂದ ಚರ್ಮದ ಬಣ್ಣವನ್ನೂ ಅಳೆದರು, ಕಣ್ಣ ಸುತ್ತಲಿನ ಕಪ್ಪನ್ನೂ ಅಳೆದರು. ಒಂದು ರಾತ್ರಿ ನಿದ್ದೆಯಿಲ್ಲದವರಿಗೂ ಮಲಗಿ ಬಂದವರಿಗೂ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಒಂದು ಮದುವೆಮನೆಯ ಜಾಗರಣೆಯಿಂದ ಚರ್ಮ ಹಾಳಾಯಿತೆಂದು ಕೊರಗಬೇಕಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಊತ, ಕೆಂಪು ಕಣ್ಣು ಮುಂದಿನ ನಿದ್ದೆಗೆ ಇಳಿಯುತ್ತವೆ.

ತಿಂಗಳುಗಟ್ಟಲೆ ನಿದ್ದೆ ಕೆಟ್ಟರೆ ಮಾತು ಬೇರೆ. ಚರ್ಮದ ಮೇಲೆ ಅಂಟುಪಟ್ಟಿ ಅಂಟಿಸಿ ಕಿತ್ತು, ಮೇಲ್ಪದರ ತಾನಾಗಿ ರಿಪೇರಿಯಾಗಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪರೀಕ್ಷೆಯೊಂದಿದೆ. ನಿದ್ದೆ ಸರಿಯಿಲ್ಲದವರಲ್ಲಿ ಆ ರಿಪೇರಿ ನಿಧಾನ ಎಂದು ಸಣ್ಣ ಅಧ್ಯಯನಗಳು ತೋರಿಸಿವೆ. ಇವುಗಳಲ್ಲಿ ಹೆಸರುವಾಸಿಯಾದ ಒಂದಕ್ಕೆ ಸೌಂದರ್ಯವರ್ಧಕ ಕಂಪನಿಯೇ ಹಣ ಕೊಟ್ಟಿತ್ತು ಎಂಬುದೂ ನೆನಪಿರಲಿ.

ರಾತ್ರಿ ಹತ್ತರಿಂದ ಎರಡರ ನಡುವೆ ಮಲಗಿದರೆ ಮಾತ್ರ ಚರ್ಮಕ್ಕೆ ಲಾಭವಂತೆ?

ಗಡಿಯಾರದಲ್ಲಿ ಅಂಥ ಮಾಯದ ಗಳಿಗೆ ಇಲ್ಲ. ಬೆಳವಣಿಗೆಯ ಹಾರ್ಮೋನು ಹೆಚ್ಚು ಒಸರುವುದು ಆಳವಾದ ಮೊದಲ ನಿದ್ದೆಯಲ್ಲಿ. ಅದು ನೀವು ಮಲಗಿದ ಹೊತ್ತನ್ನು ಅನುಸರಿಸಿ ಬರುತ್ತದೆ. ಹನ್ನೆರಡಕ್ಕೆ ಮಲಗಿ ಏಳಕ್ಕೆ ಏಳುವವರು ದಿನವೂ ಹಾಗೇ ಇದ್ದರೆ ಚಿಂತೆಯಿಲ್ಲ. ತೊಂದರೆಯಿರುವುದು ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ ಎಂದು ಹೊತ್ತು ಅದಲುಬದಲಾಗುವವರಿಗೆ.

ಎಂಟು ಗಂಟೆ ಮಲಗ್ತೀನಿ, ಆದ್ರೂ ಕಣ್ಣಿನ ಸುತ್ತ ಕಪ್ಪು. ಎಲ್ಲರೂ "ನಿದ್ದೆ ಮಾಡಲ್ವೇನೇ" ಅಂತಾರೆ.

ಪಾಪ, ಈ ಮಾತು ಕೇಳಿ ಸಾಕಾಗಿ ಬರುವವರು ಬಹಳ. ನಮ್ಮ ಜನರಲ್ಲಿ ಕಣ್ಣಿನ ಸುತ್ತಲಿನ ಕಪ್ಪಿಗೆ ನಿದ್ದೆಗಿಂತ ಮನೆತನವೇ ಹೆಚ್ಚು ಕಾರಣ. ನಿಮ್ಮ ತಾಯಿ, ಸೋದರಮಾವ, ಅಜ್ಜಿಯ ಹಳೆಯ ಫೋಟೋ ತೆಗೆದು ನೋಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಿಟಕಿಯ ಬೆಳಕಿಗೆ ಕೂತು, ಕೈಗನ್ನಡಿ ಹಿಡಿದು, ಕೆಳರೆಪ್ಪೆಯ ಕೆಳಗಿನ ಚರ್ಮವನ್ನು ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ಕಂದು ಬಣ್ಣ ಹಾಗೇ ಉಳಿದರೆ ಅದು ಚರ್ಮದಲ್ಲೇ ಇರುವ ಬಣ್ಣ. ಎಳೆದಾಗ ನೇರಳೆ ಛಾಯೆ ಇನ್ನಷ್ಟು ಗಾಢವಾದರೆ, ತೆಳು ಚರ್ಮದಡಿ ರಕ್ತನಾಳ ಕಾಣುತ್ತಿದೆ ಎಂದರ್ಥ. ಮುಖಕ್ಕೆ ಎದುರಿನಿಂದ ಟಾರ್ಚ್ ಹಿಡಿದಾಗ ಕಪ್ಪು ಮಾಯವಾದರೆ ಅದು ಬಣ್ಣವೇ ಅಲ್ಲ, ಕಣ್ಣಿನ ಕೆಳಗಿನ ಗುಳಿಯ ನೆರಳು. ಹಲವರಲ್ಲಿ ಇವು ಬೆರೆತಿರುತ್ತವೆ.

ಕಣ್ಣು ಉಜ್ಜುವ ಅಭ್ಯಾಸ ಇದನ್ನು ಹೆಚ್ಚಿಸುತ್ತದೆ. ಧೂಳಿನ ಅಲರ್ಜಿಯಿಂದ ಬೆಳಿಗ್ಗೆ ಸಾಲುಸಾಲು ಸೀನು, ಕಣ್ಣು ತುರಿಕೆ ಇರುವವರಿಗೆ ಮೊದಲು ಅಲರ್ಜಿಗೆ ಔಷಧಿ ಬೇಕು, ಐ ಕ್ರೀಮಲ್ಲ. ಜೊತೆಗೆ ಸುಸ್ತು, ಏದುಸಿರು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ.

ರಾತ್ರಿ ಮಲಗಿದ ಮೇಲೇ ಮೈ ತುರಿಕೆ ಜಾಸ್ತಿ. ಟೆನ್ಷನ್ನಿಂದಾನಾ?

ರಾತ್ರಿ ತುರಿಕೆ ಹೆಚ್ಚಲು ದೇಹದಲ್ಲೇ ಕಾರಣಗಳಿವೆ. ಆ ಹೊತ್ತಿಗೆ ಚರ್ಮ ಬೆಚ್ಚಗಾಗುತ್ತದೆ, ಮೇಲ್ಪದರದಿಂದ ನೀರು ಹೆಚ್ಚು ಆರುತ್ತದೆ, ಉರಿಯೂತವನ್ನು ತಡೆಯುವ ಕಾರ್ಟಿಸಾಲ್ ದಿನದ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಹಗಲಿನ ಗಡಿಬಿಡಿಯಲ್ಲಿ ಗಮನಕ್ಕೆ ಬಾರದ್ದು ಕತ್ತಲಲ್ಲಿ ದೊಡ್ಡದಾಗುತ್ತದೆ. ಒಣಚರ್ಮ, ಎಕ್ಸಿಮಾ ಇರುವವರು ಮಲಗುವ ಮುನ್ನ ದಪ್ಪಗೆ ಮಾಯಿಶ್ಚರೈಸರ್ ಹಚ್ಚಿದರೆ ಗುಣ ಕಾಣುತ್ತದೆ. ಕೆರೆತ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮರುದಿನ ಕೆರೆತ ಹೆಚ್ಚಿಸುತ್ತದೆ.

ಆದರೆ ಟೆನ್ಷನ್ ಎಂದು ತೀರ್ಮಾನಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಮನೆಯಲ್ಲಿ ಅಥವಾ ಪಿಜಿ ರೂಮಿನಲ್ಲಿ ಇನ್ನೊಬ್ಬರಿಗೂ ತುರಿಕೆ ಇದೆಯೇ? ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಸೊಂಟದ ಬಳಿ ಸಣ್ಣ ಗುಳ್ಳೆಗಳಿವೆಯೇ? ಎರಡಕ್ಕೂ ಹೌದಾದರೆ ಅದು ಬಹುಶಃ ತುರಿಕಜ್ಜಿ, ಚರ್ಮದೊಳಗೆ ಕೊರೆಯುವ ಸಣ್ಣ ಹುಳದ ಕೆಲಸ. ಧ್ಯಾನಕ್ಕೆ ಅದು ಬಗ್ಗುವುದಿಲ್ಲ. ವೈದ್ಯರು ಬರೆದ ಮುಲಾಮನ್ನು ಮನೆಯವರೆಲ್ಲ ಒಂದೇ ರಾತ್ರಿ, ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ಅವರು ಹೇಳಿದ ದಿನಕ್ಕೆ ಇನ್ನೊಮ್ಮೆ ಹಚ್ಚಬೇಕು. ತುರಿಕೆ ಇದ್ದವರೊಬ್ಬರೇ ಹಚ್ಚಿದರೆ ಹದಿನೈದು ದಿನಕ್ಕೆ ಮತ್ತೆ ಶುರು.

## ಒತ್ತಡ

ಪರೀಕ್ಷೆ ಹತ್ರ ಬಂದ್ರೆ ಸಾಕು, ಮಗಳ ಮುಖದ ತುಂಬ ಮೊಡವೆ. ಇದು ಮನಸ್ಸಿನದ್ದಾ?

ಮನಸ್ಸಿನದ್ದು ಎಂದು ತಳ್ಳಿಹಾಕುವ ಹಾಗಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 2003ರಲ್ಲಿ 22 ವಿದ್ಯಾರ್ಥಿಗಳನ್ನು ಪರೀಕ್ಷೆಯ ಹೊತ್ತಿನಲ್ಲೂ ಬೇರೆ ಹೊತ್ತಿನಲ್ಲೂ ನೋಡಿದಾಗ, ಒತ್ತಡ ಏರಿದವರಲ್ಲಿ ಮೊಡವೆಯೂ ಏರಿತ್ತು. ಒತ್ತಡದಿಂದ ಜಿಡ್ಡು ಹೆಚ್ಚುತ್ತದೆ, ಅದರಿಂದ ಮೊಡವೆ ಎಂಬುದು ಸಾಮಾನ್ಯ ವಿವರಣೆ. ಆದರೆ 2007ರಲ್ಲಿ ಸಿಂಗಾಪುರದ 94 ಹೈಸ್ಕೂಲು ಮಕ್ಕಳಲ್ಲಿ ಜಿಡ್ಡನ್ನೇ ಅಳೆದು ನೋಡಿದರೆ, ಒತ್ತಡದ ದಿನಗಳಲ್ಲಿ ಅದು ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ, ಮೊಡವೆ ಮಾತ್ರ ಹೆಚ್ಚಿತ್ತು. ಅಂದರೆ ಒತ್ತಡ ಬೇರೆ ದಾರಿಯಿಂದ, ಬಹುಶಃ ಉರಿಯೂತದ ಮೂಲಕ, ಇರುವ ಮೊಡವೆಯನ್ನೇ ಕೆರಳಿಸುತ್ತಿರಬೇಕು. ಮುಖ ಸಾಫಾಗಿರುವವರಿಗೆ ಪರೀಕ್ಷೆಯ ಭಯವೊಂದರಿಂದಲೇ ಮೊಡವೆ ಹುಟ್ಟುವುದು ಕಡಿಮೆ.

ಮಗಳನ್ನು ಸ್ವಲ್ಪ ಗಮನಿಸಿ ನೋಡಿ. ಓದುವಾಗ ಗಲ್ಲಕ್ಕೆ ಕೈ ಕೊಟ್ಟು ಕೂತು, ಬೆರಳಿಂದ ಮೊಡವೆ ಹುಡುಕಿ ಚಿವುಟುವ ಅಭ್ಯಾಸ ಇರಬಹುದು. ರಾತ್ರಿ ಎಚ್ಚರವಿರಲು ಬಿಸ್ಕತ್ತು, ಸಿಹಿ ಚಹಾ ಹೆಚ್ಚಿರಬಹುದು. ತಲೆ ತಂಪಾಗಲಿ ಎಂದು ಅಜ್ಜಿ ದಿನಾ ತೆಂಗಿನೆಣ್ಣೆ ತಟ್ಟುತ್ತಿದ್ದರೆ ಅದು ಹಣೆಗೆ ಇಳಿದು ಸಣ್ಣ ಸಣ್ಣ ಗುಳ್ಳೆಗಳ ಸಾಲು ಕೂದಲಂಚಿಗೇ ಏಳುತ್ತದೆ. ಎಣ್ಣೆಯನ್ನು ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಟ್ಟರೆ ಅಜ್ಜಿಯ ಮಾತೂ ಉಳಿಯುತ್ತದೆ, ಹಣೆಯೂ ಉಳಿಯುತ್ತದೆ.

ಒತ್ತಡದಲ್ಲಿರುವಾಗ ಗಾಯ ಕೂಡ ಬೇಗ ಮಾಯಲ್ಲ ಅಂತಾರೆ. ಹೌದೇ?

ಇದಕ್ಕೆ ಪುರಾವೆ ಗಟ್ಟಿಯಾಗಿದೆ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ, ಮರೆವಿನ ಕಾಯಿಲೆಯ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರ ಮತ್ತು ಅದೇ ವಯಸ್ಸಿನ, ಆ ಹೊರೆಯಿಲ್ಲದ ಹೆಂಗಸರ ತೋಳಿನ ಮೇಲೆ 3.5 ಮಿಲಿಮೀಟರಿನ ಸಣ್ಣ ಗಾಯ ಮಾಡಿ ಮಾಯುವುದನ್ನು ನೋಡಿದರು. ಆರೈಕೆಯ ಹೊರೆ ಹೊತ್ತವರಲ್ಲಿ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆಯೋ ಮಗಳೋ ಕೈಮೇಲಿನ ಎಕ್ಸಿಮಾ ಗುಣವಾಗುತ್ತಿಲ್ಲ ಎಂದಾಗ, ಮುಲಾಮಿನ ಜೊತೆಗೆ ವಾರಕ್ಕೆ ಎರಡು ರಾತ್ರಿ ಬೇರೆಯವರು ಆ ಕೆಲಸ ನೋಡಿಕೊಳ್ಳಲಿ ಎಂದೂ ನಾನು ಹೇಳುತ್ತೇನೆ. ಮುಲಾಮು ತರುತ್ತಾರೆ, ಎರಡನೆಯದು ನಡೆಯುವುದು ಅಪರೂಪ.

## ಸಕ್ಕರೆ

ನಿನ್ನೆ ಜಾಮೂನು ತಿಂದೆ, ಇವತ್ತು ಮೊಡವೆ. ಇನ್ನೇನು ಸಾಕ್ಷಿ ಬೇಕು?

ನಿನ್ನೆಯ ಜಾಮೂನನ್ನು ಬಿಟ್ಟುಬಿಡಿ. ಇಂದು ಕೆಂಪಾಗಿ ಎದ್ದ ಮೊಡವೆಯ ರಂಧ್ರ ಕಣ್ಣಿಗೆ ಕಾಣದಂತೆ ಕಟ್ಟಿಕೊಳ್ಳಲು ಶುರುವಾಗಿ ವಾರಗಳೇ ಕಳೆದಿರುತ್ತವೆ. ಆದರೆ ತಿಂಗಳುಗಟ್ಟಲೆಯ ಊಟದ ರೀತಿಗೂ ಮೊಡವೆಗೂ ನಂಟಿದೆ, ಮತ್ತು ಈ ಬರಹದ ನಾಲ್ಕು ವಿಷಯಗಳ ಪೈಕಿ ಮೊಡವೆಯ ಮಟ್ಟಿಗೆ ಹೆಚ್ಚು ಪುರಾವೆ ಇರುವುದು ಇದಕ್ಕೇ.

ಬಹಳ ಕಾಲ ವೈದ್ಯರೇ "ಊಟಕ್ಕೂ ಮೊಡವೆಗೂ ಸಂಬಂಧವಿಲ್ಲ" ಎನ್ನುತ್ತಿದ್ದರು. ಅದಕ್ಕೆ ಆಧಾರವಾಗಿದ್ದದ್ದು ಅಮೆರಿಕದ 1969ರ ಚಾಕೊಲೇಟ್ ಪ್ರಯೋಗ. 65 ಜನರಿಗೆ ಚಾಕೊಲೇಟ್ ಪಟ್ಟಿಯನ್ನೂ ಚಾಕೊಲೇಟ್ ಇಲ್ಲದ ಪಟ್ಟಿಯನ್ನೂ ಕೊಟ್ಟು ನೋಡಿ, ವ್ಯತ್ಯಾಸವಿಲ್ಲ ಎಂದರು. ಮುಂದೆ ಜನ ಎತ್ತಿ ತೋರಿಸಿದ ಹುಳುಕೇನೆಂದರೆ, ಎರಡೂ ಪಟ್ಟಿಗಳಲ್ಲಿ ಸಕ್ಕರೆ ಮತ್ತು ಕೊಬ್ಬು ಹೆಚ್ಚುಕಡಿಮೆ ಒಂದೇ ಇತ್ತು. ಕೋಕೋ ನಿರಪರಾಧಿ ಎಂದಷ್ಟೇ ಅದರಿಂದ ಹೇಳಬಹುದಿತ್ತು, ಸಕ್ಕರೆಯ ವಿಚಾರಣೆಯೇ ನಡೆದಿರಲಿಲ್ಲ.

2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಹುಡುಗರಲ್ಲಿ ಅರ್ಧ ಜನರಿಗೆ ರಕ್ತದ ಸಕ್ಕರೆಯನ್ನು ನಿಧಾನ ಏರಿಸುವ ಊಟ, ಉಳಿದವರಿಗೆ ಮಾಮೂಲಿ ಊಟ ಕೊಟ್ಟರು. 12 ವಾರದ ಕೊನೆಗೆ ಮೊದಲ ಗುಂಪಿನಲ್ಲಿ ಮೊಡವೆ ಸರಾಸರಿ 23ರಷ್ಟು ಕಡಿಮೆಯಾಗಿದ್ದವು, ಎರಡನೆಯದರಲ್ಲಿ 12ರಷ್ಟು. ಮೊದಲ ಗುಂಪಿನವರ ತೂಕವೂ ಇಳಿದಿತ್ತು, ಹಾಗಾಗಿ ಲಾಭ ಊಟದ್ದೋ ತೂಕ ಇಳಿದದ್ದೋ ಎಂದು ಪೂರ್ತಿ ಬಿಡಿಸಲಾಗದು. ನಡೆಯುವುದು ಹೀಗೆ: ರಕ್ತದಲ್ಲಿ ಸಕ್ಕರೆ ಜಿಗಿದಾಗ ಇನ್ಸುಲಿನ್ ಜಿಗಿಯುತ್ತದೆ, ಅದು ಇನ್ನೊಂದು ಬೆಳವಣಿಗೆಯ ಹಾರ್ಮೋನನ್ನು ಮತ್ತು ಪುರುಷ ಹಾರ್ಮೋನುಗಳ ಪ್ರಭಾವವನ್ನು ಹೆಚ್ಚಿಸುತ್ತದೆ, ಅವೆರಡೂ ಜಿಡ್ಡಿನ ಗ್ರಂಥಿಗಳನ್ನು ಕುಮ್ಮಕ್ಕು ಕೊಟ್ಟು ಎಬ್ಬಿಸುತ್ತವೆ. ಜಿಮ್ಮಿಗೆ ಹೋಗುವ ಹುಡುಗರ ವೇ ಪ್ರೋಟೀನ್ ಪುಡಿಯೂ ಇದೇ ದಾರಿ ಹಿಡಿಯುತ್ತದೆ ಎಂಬ ಅನುಮಾನವಿದೆ. ಹೊಸದಾಗಿ ಬೆನ್ನು, ಎದೆ ತುಂಬ ಮೊಡವೆ ಎದ್ದವರನ್ನು ಅದರ ಬಗ್ಗೆ ಕೇಳಿಯೇ ಕೇಳುತ್ತೇನೆ.

ಸಕ್ಕರೆ ಬಿಟ್ಟು ಬೆಲ್ಲ ಶುರು ಮಾಡಿದ್ದೀನಿ. ಒಳ್ಳೇದಲ್ವಾ?

ಚರ್ಮದ ದೃಷ್ಟಿಯಿಂದ ಏನೂ ಬದಲಾಗಿಲ್ಲ. ಬೆಲ್ಲದ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ಖನಿಜಾಂಶ ತುಸು ಇದೆ, ಅದಕ್ಕಾಗಿ ಹಿಡಿ ಬೆಲ್ಲ ತಿನ್ನಬೇಕಾದರೆ ವ್ಯಾಪಾರ ನಷ್ಟದ್ದು.

ಸಕ್ಕರೆಯಿಂದ ಬೇಗ ಸುಕ್ಕು ಬರುತ್ತೆ ಅಂತ ವಿಡಿಯೋದಲ್ಲಿ ನೋಡಿದೆ. ಒಂದು ತಿಂಗಳು ಬಿಟ್ಟರೆ ಸುಕ್ಕು ಹೋಗುತ್ತಾ?

ಮೊದಲನೆಯದರಲ್ಲಿ ಸತ್ಯಾಂಶವಿದೆ, ಎರಡನೆಯದು ಸುಳ್ಳು. ರಕ್ತದ ಸಕ್ಕರೆ ದೇಹದ ಪ್ರೋಟೀನುಗಳಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೂ ಅದನ್ನೇ, ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು. ರಕ್ತಕಣ ನಾಲ್ಕು ತಿಂಗಳಿಗೆ ಸಾಯುತ್ತದೆ, ಅದರೊಂದಿಗೆ ಲೆಕ್ಕವೂ ಮುಗಿಯುತ್ತದೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಹಾಗಲ್ಲ. ಅದರ ಅರ್ಧದಷ್ಟು ಹೊಸದಾಗಲು ಸುಮಾರು 15 ವರ್ಷ ಬೇಕು. ಅಷ್ಟು ಕಾಲ ಅಂಟಿಕೊಂಡ ಸಕ್ಕರೆ ಎಳೆಗಳನ್ನು ಒಂದಕ್ಕೊಂದು ಬೆಸೆದು ಪೆಡಸಾಗಿಸುತ್ತದೆ. ಬಹಳ ವರ್ಷ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದ ಕೆಲವರ ಬೆರಳಿನ ಚರ್ಮ ಬಿರುಸಾಗಿ, ಎರಡು ಅಂಗೈಗಳನ್ನು ನಮಸ್ಕಾರದಂತೆ ಜೋಡಿಸಿದಾಗ ಬೆರಳುಗಳು ಪೂರ್ತಿ ಕೂಡದೆ ಇರುವುದನ್ನು ಹತ್ತಿರದಿಂದ ನೋಡಬಹುದು.

ಕಾಯಿಲೆಯಿಲ್ಲದವರಲ್ಲಿ ಈ ಕೆಲಸ ಬಹಳ ನಿಧಾನ. ಒಂದು ತಿಂಗಳ ಪಥ್ಯ ಆ ಬೆಸುಗೆಯನ್ನು ಬಿಚ್ಚುವುದಿಲ್ಲ. ಸುಕ್ಕಿನ ವಿಷಯದಲ್ಲಿ ಬಿಸಿಲು ಮತ್ತು ಸಿಗರೇಟಿನ ಪಾಲು ಸಕ್ಕರೆಗಿಂತ ಎಷ್ಟೋ ದೊಡ್ಡದು. ಹಗಲೆಲ್ಲ ಕಿಟಕಿ ಪಕ್ಕ ಕೂತು ವಾಹನ ಓಡಿಸುವವರ ಎರಡು ಕೆನ್ನೆಗಳನ್ನು ಹೋಲಿಸಿದರೆ ಸಾಕು, ಸಕ್ಕರೆ ಎರಡೂ ಕೆನ್ನೆಗೆ ಒಂದೇ ಅಲ್ಲವೇ.

ಕುತ್ತಿಗೆ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗ್ತಿಲ್ಲ. ಅಮ್ಮ ಸರಿಯಾಗಿ ಸ್ನಾನ ಮಾಡು ಅಂತಾರೆ.

ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಮುಟ್ಟಿದರೆ ಮಖಮಲ್ಲಿನಂತೆ ದಪ್ಪವಾಗಿ, ಗೆರೆಗೆರೆಯಾಗಿ ಇದ್ದು, ಕಂಕುಳಲ್ಲೂ ಹಾಗೇ ಇದ್ದರೆ ಅದು ಕೊಳೆಯಲ್ಲ. ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ಜೊತೆಗೆ ಸಣ್ಣ ಸಣ್ಣ ಜೋತುಬಿದ್ದ ನರುಲಿಗಳಿರಬಹುದು. ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಆ ಹೆಚ್ಚಳಕ್ಕೆ ಮಡಿಕೆಗಳ ಚರ್ಮ ದಪ್ಪವಾಗುತ್ತದೆ. ಸಕ್ಕರೆ ಕಾಯಿಲೆ ಬರುವ ವರ್ಷಗಳ ಮುಂಚೆಯೇ ಇದು ಕಾಣಿಸಿಕೊಳ್ಳಬಹುದು.

ಹಾಗಾಗಿ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ ಮಾಡಿಸಿ. ಹುಡುಗಿಯರಲ್ಲಿ ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು, ದವಡೆಯ ಸಾಲಿನಲ್ಲಿ ಮೊಡವೆ ಇದ್ದರೆ ಅಂಡಾಶಯದ ತೊಂದರೆಯಾದ ಪಿಸಿಓಡಿ ಇದೆಯೇ ಎಂದು ಸ್ತ್ರೀರೋಗ ತಜ್ಞರು ನೋಡಬೇಕು. ತೂಕ ಹೆಚ್ಚಿದ್ದವರು ಕೆಲವು ಕಿಲೋ ಇಳಿಸಿದರೂ ಕುತ್ತಿಗೆ ತಿಳಿಯಾಗುತ್ತಾ ಬರುತ್ತದೆ, ತಿಂಗಳುಗಳು ಹಿಡಿಯುತ್ತವೆ. ತೆಳ್ಳಗಿರುವ, ವಯಸ್ಸಾದ ವ್ಯಕ್ತಿಯಲ್ಲಿ ಇದು ಹಠಾತ್ತನೆ ಶುರುವಾಗಿ ಬಾಯಿ, ಅಂಗೈಗೂ ಹಬ್ಬಿದರೆ ತಡ ಮಾಡಬಾರದು. ಅಪರೂಪಕ್ಕೆ ಅದು ಹೊಟ್ಟೆಯೊಳಗಿನ ಕ್ಯಾನ್ಸರಿನ ಸುಳಿವಾಗಿರುತ್ತದೆ.

## ಎಲ್ಲವೂ ಒಟ್ಟಿಗೆ ಕೂಡಿದಾಗ

ನನ್ನದು ನೈಟ್ ಶಿಫ್ಟು, ನಿದ್ದೆ ಇಲ್ಲ, ಟೆನ್ಷನ್ ಇದೆ, ಚಹಾ ಜಾಸ್ತಿ, ನೀರು ಕಮ್ಮಿ, ಮುಖದ ತುಂಬ ಮೊಡವೆ. ಎಲ್ಲಿಂದ ಶುರು ಮಾಡ್ಲಿ?

ಇಂಥದ್ದೇ ಒಂದು ಪ್ರಸಂಗವನ್ನು ಬಿಡಿಸಿ ನೋಡೋಣ. ಬೆಂಗಳೂರಿನ ಪಿಜಿಯಲ್ಲಿರುವ 24ರ ಹುಡುಗಿ. ರಾತ್ರಿ ಪಾಳಿಯಲ್ಲಿ ಐದು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಅಲ್ಲಿಗೇ 40 ಗ್ರಾಂ ದಾಟಿತು. ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬೆಳಗಿನ ಜಾವ ಬನ್ನು, ಕ್ರೀಮ್ ಬಿಸ್ಕತ್ತು. ಹಗಲು ಕಿಟಕಿಗೆ ಪರದೆಯಿಲ್ಲದ ರೂಮಿನಲ್ಲಿ ನಾಲ್ಕೈದು ಗಂಟೆ ತುಂಡು ತುಂಡು ನಿದ್ದೆ. ಮೊಡವೆ ಹೆಚ್ಚಿದ್ದಕ್ಕೆ ಯೂಟ್ಯೂಬ್ ನೋಡಿ ನಾಲ್ಕು ಲೀಟರ್ ನೀರು ಶುರು ಮಾಡಿದಳು. ಅದರಿಂದ ನಿದ್ದೆಯ ನಡುವೆ ಎರಡು ಸಲ ಏಳುವುದು ಹೊಸದಾಗಿ ಸೇರಿತು.

ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೆ ಹೊರಬೀಳುವ ಸಂಗತಿ ಇನ್ನೊಂದಿರುತ್ತದೆ: ಮೆಡಿಕಲ್ ಶಾಪಿನವರು ಕೊಟ್ಟ, "ಎರಡೇ ದಿನಕ್ಕೆ ಬೆಳ್ಳಗಾಗುವ" ಕ್ರೀಮು. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಥವಾ ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್. ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಅದೇ ಮೊಡವೆ ಎಬ್ಬಿಸುತ್ತದೆ, ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಇದಿರುವಾಗ ನಿದ್ದೆ, ಸಕ್ಕರೆಯ ಲೆಕ್ಕ ಎಷ್ಟು ತಿದ್ದಿದರೂ ಫಲ ಕಾಣದು. ಇದನ್ನು ಬಿಡಿಸುವುದು ಚರ್ಮತಜ್ಞರ ಉಸ್ತುವಾರಿಯಲ್ಲೇ ಆಗಬೇಕು.

ಸ್ಟಿರಾಯ್ಡ್ ಇಲ್ಲದಿದ್ದರೆ ನಾನು ಮೊದಲು ಮುಟ್ಟುವುದು ಚಹಾದ ಸಕ್ಕರೆಯನ್ನು. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಬನ್ನಿನ ಜಾಗಕ್ಕೆ ಹುರಿಗಡಲೆ, ಕಡಲೆಕಾಯಿ ಅಥವಾ ಮೊಟ್ಟೆ. ಕೊನೆಯ ಚಹಾ ಪಾಳಿ ಮುಗಿಯುವ ಐದಾರು ಗಂಟೆ ಮುಂಚೆ, ಇಲ್ಲದಿದ್ದರೆ ಅದು ಹಗಲಿನ ನಿದ್ದೆಗೆ ಕಲ್ಲು ಹಾಕುತ್ತದೆ. ಕಿಟಕಿಗೆ ದಪ್ಪ ಪರದೆ, ಫೋನು ಸೈಲೆಂಟ್, ಮಲಗುವ ಹೊತ್ತು ರಜೆಯ ದಿನವೂ ತೀರಾ ಬದಲಾಗದಂತೆ. ನೀರು ಬಾಯಾರಿದಷ್ಟು. ಇವುಗಳ ಜೊತೆಗೆ ಔಷಧಿ ಬೇಕೇ ಬೇಕು, ಜೀವನಶೈಲಿ ತಿದ್ದಿದ ಮಾತ್ರಕ್ಕೆ ಮುಖದ ತುಂಬ ಇರುವ ಮೊಡವೆ ಇಳಿಯುವುದಿಲ್ಲ. ರಾತ್ರಿಪಾಳಿಯವರು ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್ಲನ್ನು ಮಲಗುವ ಮುಂಚೆ, ಅಂದರೆ ಅವರ ಬೆಳಿಗ್ಗೆ, ಬಟಾಣಿಯಷ್ಟು ತೆಗೆದು ಇಡೀ ಮುಖಕ್ಕೆ ತೆಳುವಾಗಿ ಹಚ್ಚುತ್ತಾರೆ. ಮೊದಲ ಎರಡು ಮೂರು ವಾರ ಮುಖ ಒಣಗಿ ಸಿಪ್ಪೆ ಏಳುವುದುಂಟು, ಆಗ ದಿನ ಬಿಟ್ಟು ದಿನ ಹಚ್ಚಿ ಮಾಯಿಶ್ಚರೈಸರ್ ಹೆಚ್ಚಿಸಬೇಕು. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆಯಿದ್ದರೆ ಇದನ್ನು ಹಚ್ಚಬಾರದು, ವೈದ್ಯರಿಗೆ ಮೊದಲೇ ತಿಳಿಸಿ.

ಯಾವುದರಿಂದ ಗುಣ ಆಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?

ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಗೊತ್ತಾಗುವುದಿಲ್ಲ, ನಿಜ. ತಿಳಿಯಲೇಬೇಕು ಎನ್ನುವವರು ಒಂದು ಬದಲಾವಣೆಯನ್ನು ಎಂಟರಿಂದ ಹನ್ನೆರಡು ವಾರ ಹಿಡಿದು ನಡೆಸಿ. ಅದಕ್ಕಿಂತ ಮುಂಚೆ ಮೊಡವೆಯ ಬಗ್ಗೆ ತೀರ್ಪು ಕೊಡಲಾಗದು. ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಫಿಲ್ಟರ್ ಇಲ್ಲದೆ ಮೂರು ಫೋಟೋ: ಎದುರು, ಎಡ, ಬಲ. ಕಪ್ಪು ಕಲೆಗಳನ್ನು ಎಣಿಸಬೇಡಿ, ಅವು ಮೊಡವೆ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಮುಟ್ಟಿದರೆ ನೋಯುವ, ಹೊಸದಾಗಿ ಎದ್ದವುಗಳನ್ನು ಮಾತ್ರ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತು ಮಾಡಿಕೊಳ್ಳಬೇಕು. ಮುಟ್ಟಿಗೆ ಮುಂಚಿನ ವಾರದಲ್ಲಿ ಮೊಡವೆ ಏರುವುದು ಬಹಳ ಜನರಿಗೆ ಮಾಮೂಲು, ಆ ಏರಿಕೆಯನ್ನು ಹಿಂದಿನ ದಿನದ ಹೋಳಿಗೆಯ ತಲೆಗೆ ಕಟ್ಟುವುದೂ ಅಷ್ಟೇ ಮಾಮೂಲು.

ಮೊಡವೆಗಳು ಗಂಟಾಗಿ ಒಳಗೇ ನೋಯುತ್ತಿದ್ದರೆ, ಗುಳಿ ಬೀಳಲು ಶುರುವಾಗಿದ್ದರೆ ಹನ್ನೆರಡು ವಾರ ಕಾಯಬೇಡಿ. ಗುಳಿ ಬಿದ್ದ ಮೇಲೆ ತುಂಬಿಸುವ ಚಿಕಿತ್ಸೆಗೆ ಹಣವೂ ಹೆಚ್ಚು, ಫಲವೂ ಅರೆಬರೆ.